ಟಾರ್ಗೆಟ್ ಮುಟ್ಟುವ ಮೊದಲೇ ಬರೆಯಬೇಕಾದ ರಿಬೇಟ್

ಸರಕು ತಯಾರಿಸುವ ಕಂಪನಿ ತನ್ನ ಡಿಸ್ಟ್ರಿಬ್ಯೂಟರ್‌ಗೆ, ವರ್ಷದಲ್ಲಿ ಇಂತಿಷ್ಟು ಮಾಲು ಎತ್ತಿದರೆ ಎತ್ತಿದ ಅಷ್ಟೂ ಮಾಲಿನ ಮೇಲೆ ಇಂತಿಷ್ಟು ಹಣ ವಾಪಸ್ ಕೊಡುತ್ತೇವೆ ಎಂದು ಬರೆದುಕೊಡುವುದೇ ವಾಲ್ಯೂಮ್ ರಿಬೇಟ್. ವ್ಯಾಪಾರದ ಮಾತಿನಲ್ಲಿ ಇದಕ್ಕೆ ಟರ್ನೋವರ್ ಡಿಸ್ಕೌಂಟ್, ವಾರ್ಷಿಕ ಸ್ಕೀಮ್, ಟಾರ್ಗೆಟ್ ಸ್ಕೀಮ್ ಎಂಬ ಹೆಸರುಗಳೂ ಇವೆ. ಬಿಲ್ ಮಾಡುವ ದಿನ ಪೂರ್ತಿ ದರವೇ ಬೀಳುತ್ತದೆ. ಸ್ಕೀಮಿನ ಅವಧಿ ಮುಗಿದು, ಎತ್ತಿದ ಮಾಲಿನ ಲೆಕ್ಕ ತಾಳೆಯಾದ ಮೇಲೆ, ರಿಬೇಟಿನ ಮೊತ್ತಕ್ಕೆ ಕಂಪನಿ ಕ್ರೆಡಿಟ್ ನೋಟ್ ಕೊಡುತ್ತದೆ. ಅಂದರೆ ಮಾಲು ಗೋದಾಮು ಸೇರಿ, ಅಲ್ಲಿಂದ ಗಿರಾಕಿಯ ಕೈಗೆ ಹೋಗಿ, ಎಷ್ಟೋ ತಿಂಗಳಾದ ಮೇಲೆ ಆ ಮಾಲಿನ ನಿಜವಾದ ಬೆಲೆ ಗೊತ್ತಾಗುತ್ತದೆ.

ಸ್ಕೀಮಿನ ವರ್ಷವೂ ಲೆಕ್ಕಪತ್ರದ ವರ್ಷವೂ ಒಂದೇ ಆಗಿದ್ದರೆ ತೊಡಕಿಲ್ಲ. ಮಾರ್ಚ್ 31ಕ್ಕೆ ಎರಡೂ ಮುಗಿಯುತ್ತವೆ. ಟಾರ್ಗೆಟ್ ಮುಟ್ಟಿದೆಯೋ ಇಲ್ಲವೋ ಕಣ್ಣೆದುರೇ ಇರುತ್ತದೆ. ಆದರೆ ಸ್ಕೀಮುಗಳು ಹೆಚ್ಚಾಗಿ ಮಾಲಿನ ಋತುವನ್ನು ನೋಡಿಕೊಂಡು ಹೊರಡುತ್ತವೆ. ಕೆಲವು ಜನವರಿಯಿಂದ ಡಿಸೆಂಬರ್‌ವರೆಗೆ ನಡೆದರೆ ಇನ್ನು ಕೆಲವು ಜುಲೈಯಿಂದ ಜೂನ್‌ವರೆಗೆ ನಡೆಯುತ್ತವೆ. ಆಗ ಮಾರ್ಚ್ 31ರಂದು ಸ್ಕೀಮ್ ಇನ್ನೂ ನಡುದಾರಿಯಲ್ಲಿರುತ್ತದೆ. ಟಾರ್ಗೆಟ್ ಮುಟ್ಟಿಲ್ಲ, ಆದರೆ ಮುಟ್ಟುವ ಲಕ್ಷಣ ಕಾಣುತ್ತಿದೆ. ಕೊಡಬೇಕಾದ ದಿನ ಬಂದಿಲ್ಲದ ಈ ಹಣವನ್ನು ಆ ವರ್ಷದ ಲೆಕ್ಕದಲ್ಲಿ ಬರೆಯಬೇಕೇ, ಬರೆದರೆ ಎಷ್ಟು ಬರೆಯಬೇಕು ಎಂಬುದು ಆಗ ಏಳುವ ಪ್ರಶ್ನೆ.

ಉತ್ತರ ಹುಡುಕುವ ಮೊದಲು ಸ್ಕೀಮಿನ ಪತ್ರವನ್ನು ಒಂದು ಮಾತಿಗಾಗಿ ಓದಬೇಕಾಗುತ್ತದೆ. ಟಾರ್ಗೆಟ್ ದಾಟಿದರೆ ರಿಬೇಟ್ ಮೊದಲ ನಗದಿಂದಲೇ ಸಿಗುತ್ತದೆಯೋ, ಅಥವಾ ಟಾರ್ಗೆಟ್ ಮೀರಿದ ನಗಗಳಿಗೆ ಮಾತ್ರವೋ? ಮೊದಲನೆಯ ಬಗೆಯಲ್ಲಿ ಟಾರ್ಗೆಟ್ ದಾಟಿದ ದಿನ ಹಿಂದಿನ ಎಲ್ಲ ಬಿಲ್ಲುಗಳ ದರವೂ ಇಳಿಯುತ್ತದೆ, ಹಾಗಾಗಿ ಈಗಾಗಲೇ ಮಾರಿದ ಮಾಲಿನ ಬೆಲೆಯೇ ಅನಿಶ್ಚಿತ. ಎರಡನೆಯ ಬಗೆಯಲ್ಲಿ ಹಳೆಯ ಬಿಲ್ಲುಗಳ ದರ ಹಾಗೆಯೇ ನಿಲ್ಲುತ್ತದೆ, ಮುಂದೆ ಕೊಳ್ಳುವ ಮಾಲು ಮಾತ್ರ ಅಗ್ಗವಾಗುತ್ತದೆ. ಅಲ್ಲಿ ಕೇಳಬೇಕಾದ್ದು ಬೇರೆ: ಮುಂದೆ ಅಗ್ಗವಾಗಿ ಕೊಳ್ಳುವ ಹಕ್ಕಿಗೂ ಗಿರಾಕಿ ಈಗಲೇ ಒಂದಿಷ್ಟು ಬೆಲೆ ತೆತ್ತಿದ್ದಾನೆಯೇ ಎಂಬುದು. ಈ ಲೇಖನದ ವಿಷಯ ಮೊದಲನೆಯ ಬಗೆ. ಡಿಸ್ಟ್ರಿಬ್ಯೂಟರುಗಳ ಜೊತೆ ಹೆಚ್ಚು ಬಳಕೆಯಲ್ಲಿರುವುದೂ ಲೆಕ್ಕದಲ್ಲಿ ಹೆಚ್ಚು ತಪ್ಪಾಗುವುದೂ ಅದೇ.

ಒಂದು ಕಲ್ಪಿತ ಉದಾಹರಣೆಯನ್ನು ಕೊನೆಯವರೆಗೆ ಹಿಡಿದುಕೊಂಡು ಹೋದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಕೊಯಮತ್ತೂರಿನ ಒಂದು ಕಂಪನಿ ಕೊಳವೆಬಾವಿಯ ಪಂಪ್‌ಸೆಟ್ ತಯಾರಿಸುತ್ತದೆ. ದಾವಣಗೆರೆಯ ಒಬ್ಬ ಡಿಸ್ಟ್ರಿಬ್ಯೂಟರ್ ಅದನ್ನು ಎತ್ತಿ ಸುತ್ತಲಿನ ಅಂಗಡಿಗಳಿಗೆ ಹಂಚುತ್ತಾರೆ. ಒಂದು ಪಂಪಿನ ಬಿಲ್ ದರ ಜಿಎಸ್‌ಟಿ ಬಿಟ್ಟು 25,000 ರೂಪಾಯಿ. ಸ್ಕೀಮ್ 2024ರ ಜುಲೈ 1ರಿಂದ 2025ರ ಜೂನ್ 30ರವರೆಗೆ. ಈ ಅವಧಿಯಲ್ಲಿ 1,200 ಪಂಪ್ ಎತ್ತಿದರೆ ಎತ್ತಿದ ಪ್ರತಿಯೊಂದು ಪಂಪಿಗೂ 1,000 ರೂಪಾಯಿ ರಿಬೇಟ್. 1,199ಕ್ಕೆ ನಿಂತರೆ ಏನೂ ಇಲ್ಲ.

ಪಂಪಿನ ವ್ಯಾಪಾರ ಮಳೆಗಾಲದಲ್ಲಿ ಮಂದ, ಬಾವಿಗಳು ಬತ್ತುವ ಬೇಸಗೆಯಲ್ಲಿ ಜೋರು. ಜುಲೈಯಿಂದ ಡಿಸೆಂಬರ್‌ವರೆಗಿನ ಆರು ತಿಂಗಳಲ್ಲಿ ಈ ಡಿಸ್ಟ್ರಿಬ್ಯೂಟರ್ ಎತ್ತಿದ್ದು 420 ಪಂಪ್. ಜನವರಿಯಿಂದ ಮಾರ್ಚ್‌ವರೆಗಿನ ಮೂರೇ ತಿಂಗಳಲ್ಲಿ 510. ಮಾರ್ಚ್ 31ಕ್ಕೆ ಒಟ್ಟು 930. ಟಾರ್ಗೆಟ್ ಮುಟ್ಟಲು ಇನ್ನು 270 ಬೇಕು. ಹಿಂದಿನ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ಅವರು ಎತ್ತಿದ್ದು 345, ಮೂರು ವರ್ಷಗಳಲ್ಲಿ ಅತಿ ಕಡಿಮೆ ಎತ್ತಿದ ಬೇಸಗೆಯಲ್ಲಿ 298. ಆ ಕನಿಷ್ಠವನ್ನೇ ಕೂಡಿಸಿದರೂ ಲೆಕ್ಕ 1,228ಕ್ಕೆ ಬರುತ್ತದೆ. ಟಾರ್ಗೆಟ್ ಮುಟ್ಟುವ ಸಂಭವವೇ ಹೆಚ್ಚು ಎಂದು ಮಾರ್ಚ್ 31ರಂದು ಯಾರಾದರೂ ಹೇಳಬಹುದು.

ಹಾಗಾದರೆ ಕಂಪನಿ ತನ್ನ 2024-25ರ ಲೆಕ್ಕದಲ್ಲಿ ಬರೆಯಬೇಕಾದ್ದು 9,30,000 ರೂಪಾಯಿ. ಮಾರಿದ 930 ಪಂಪುಗಳಿಗೆ ತಲಾ 1,000. ಆ ಮೊತ್ತ ಮಾರಾಟದ ಆದಾಯದಿಂದ ಕಳೆಯುತ್ತದೆ, ಎದುರಿಗೆ ಡಿಸ್ಟ್ರಿಬ್ಯೂಟರ್‌ಗೆ ಕೊಡಬೇಕಾದ ರಿಬೇಟ್ ಎಂಬ ಹೊಣೆ ಹುಟ್ಟುತ್ತದೆ. 2,32,50,000 ರೂಪಾಯಿಯ ಬಿಲ್ಲುಗಳಾಗಿದ್ದರೂ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುವ ಮಾರಾಟ 2,23,20,000 ರೂಪಾಯಿ. ಇದನ್ನು ಜಾಹೀರಾತಿನಂತೆ ಮಾರಾಟದ ಖರ್ಚು ಎಂದು ಬರೆಯುವ ರೂಢಿ ಕೆಲವೆಡೆ ಉಂಟು, ಅದು ಸರಿಯಲ್ಲ. ಈ ಹಣಕ್ಕೆ ಬದಲಾಗಿ ಡಿಸ್ಟ್ರಿಬ್ಯೂಟರ್ ಕಂಪನಿಗೆ ಬೇರೆ ಯಾವ ಸೇವೆಯನ್ನೂ ಮಾಡಿಲ್ಲ. ಇಳಿದದ್ದು ಮಾಲಿನ ಬೆಲೆ. ಲಿಸ್ಟೆಡ್ ಕಂಪನಿಗಳಿಗೂ ದೊಡ್ಡ ಕಂಪನಿಗಳಿಗೂ ಅನ್ವಯಿಸುವ, 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 115 ಇದನ್ನು ಬದಲಾಗಬಹುದಾದ ಬೆಲೆ ಎಂದು ನೋಡುತ್ತದೆ. ಅದಕ್ಕೆ ಒಳಪಡದ ಕಂಪನಿಗಳ ಎಎಸ್ 9 ಕೂಡ ಕೊಟ್ಟ ವಾಲ್ಯೂಮ್ ರಿಬೇಟನ್ನು ಆದಾಯದಿಂದಲೇ ಕಳೆಯಬೇಕು ಎನ್ನುತ್ತದೆ.

ಇಲ್ಲಿ ಮೂರು ತಪ್ಪು ಉತ್ತರಗಳು ಮೇಲಿಂದ ಮೇಲೆ ಕಾಣಸಿಗುತ್ತವೆ. ಮೂರೂ ಮೊದಲ ನೋಟಕ್ಕೆ ನ್ಯಾಯವೆನಿಸುವಂಥವೇ.

ಒಂದು, ಸೊನ್ನೆ. ಟಾರ್ಗೆಟ್ ಮುಟ್ಟಿಲ್ಲ, ಡಿಸ್ಟ್ರಿಬ್ಯೂಟರ್‌ಗೆ ಕೇಳುವ ಹಕ್ಕಿಲ್ಲ, ಆದ್ದರಿಂದ ಹೊಣೆಯೂ ಇಲ್ಲ ಎಂಬ ವಾದ. ಹೀಗೆ ಬಿಟ್ಟರೆ ಏನಾಗುತ್ತದೆ ನೋಡಬಹುದು. ಮುಂದಿನ ಮೂರು ತಿಂಗಳಲ್ಲಿ 338 ಪಂಪ್ ಹೋಗಿ ಒಟ್ಟು 1,268 ಆಯಿತು ಎಂದುಕೊಂಡರೆ, ಕೊಡಬೇಕಾದ ರಿಬೇಟ್ 12,68,000 ರೂಪಾಯಿ. ಅದಷ್ಟೂ 2025-26ರ ಮೇಲೆ ಬೀಳುತ್ತದೆ. ಆ ವರ್ಷ ಈ ಸ್ಕೀಮಿನಡಿ ಮಾರಿದ್ದು 84,50,000 ರೂಪಾಯಿಯ ಮಾಲು ಮಾತ್ರ. ನೂರಕ್ಕೆ ನಾಲ್ಕರ ರಿಬೇಟ್ ನೂರಕ್ಕೆ ಹದಿನೈದರಂತೆ ಕಾಣುತ್ತದೆ, ಹಿಂದಿನ ವರ್ಷದ ಲಾಭ ಒಂಬತ್ತು ಲಕ್ಷಕ್ಕೂ ಹೆಚ್ಚು ಉಬ್ಬಿರುತ್ತದೆ.

ಎರಡು, ಇಡೀ 12 ಲಕ್ಷ ಅಥವಾ ಅದಕ್ಕೂ ಮಿಗಿಲು. ಹೇಗೂ ಕೊಡುವುದೇ ತಾನೇ, ಈಗಲೇ ಬರೆದುಬಿಡೋಣ ಎಂಬ ಎಚ್ಚರಿಕೆ ಇದು. ಆದರೆ ಮಾರ್ಚ್ 31ರ ಆಚೆ ಮಾರುವ ಪಂಪುಗಳ ರಿಬೇಟ್ ಆ ಪಂಪುಗಳ ಬೆಲೆಯ ಭಾಗ. ಪಂಪೇ ಹೋಗದಿರುವಾಗ ಅದರ ಬೆಲೆ ಇಳಿಯುವುದು ಹೇಗೆ? ಏಪ್ರಿಲ್‌ನಿಂದ ಜೂನ್‌ವರೆಗಿನ 338 ಪಂಪುಗಳ 3,38,000 ರೂಪಾಯಿ 2025-26ಕ್ಕೇ ಸೇರಿದ್ದು. ಈ ವರ್ಷದ 9,30,000ಕ್ಕೆ ಅದನ್ನು ಕೂಡಿಸಿದರೆ 12,68,000 ತಾನಾಗಿ ತಾಳೆಯಾಗುತ್ತದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಹನ್ನೆರಡು ತಿಂಗಳ ಸ್ಕೀಮಿನಲ್ಲಿ ಒಂಬತ್ತು ತಿಂಗಳು ಕಳೆದಿವೆ, ಆದ್ದರಿಂದ ಅಂದಾಜು ರಿಬೇಟಿನ ಮುಕ್ಕಾಲು ಪಾಲು ಬರೆಯಬೇಕು ಎಂಬ ಲೆಕ್ಕ. 12,68,000ದ ಮುಕ್ಕಾಲು 9,51,000. ಈ ಉದಾಹರಣೆಯಲ್ಲಿ ವ್ಯತ್ಯಾಸ ಸಣ್ಣದು, ಏಕೆಂದರೆ ಬೇಸಗೆಯ ಒಂದು ಭಾಗ ಮಾರ್ಚ್‌ನ ಒಳಗೇ ಬಂದಿದೆ. ಅದೇ ಸ್ಕೀಮಿನ ಲೆಕ್ಕವನ್ನು ಡಿಸೆಂಬರ್ 31ಕ್ಕೆ ಕಟ್ಟಬೇಕಾಗಿದ್ದರೆ, ಕಾಲದ ಲೆಕ್ಕದಲ್ಲಿ 6,34,000, ನಗದ ಲೆಕ್ಕದಲ್ಲಿ 4,20,000. ರಿಬೇಟ್ ತಿಂಗಳುಗಳಿಗೆ ಅಂಟಿಕೊಂಡಿಲ್ಲ, ಪಂಪುಗಳಿಗೆ ಅಂಟಿಕೊಂಡಿದೆ. ಋತುಮಾನದ ಮಾಲಿನಲ್ಲಿ ಕ್ಯಾಲೆಂಡರ್ ನೋಡಿ ಹಂಚಿದರೆ ಲೆಕ್ಕ ದಾರಿ ತಪ್ಪುತ್ತದೆ.

ಅಂದಾಜು ನಡುವೆ ಬದಲಾದರೆ ಏನು ಮಾಡಬೇಕು ಎಂಬುದಕ್ಕೆ ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 15 ತನ್ನ 24ನೇ ಉದಾಹರಣೆಯಲ್ಲಿ ಸ್ಪಷ್ಟ ದಾರಿ ತೋರಿಸಿದೆ. ನಗಕ್ಕೆ 100ರ ದರ. ವರ್ಷದಲ್ಲಿ 1,000 ದಾಟಿದರೆ ಹಿಂದಿನದಕ್ಕೂ ಸೇರಿಸಿ 90. ಮೊದಲ ತ್ರೈಮಾಸಿಕದಲ್ಲಿ ಗಿರಾಕಿ 75 ಕೊಂಡಾಗ ಸಾವಿರ ದಾಟುವ ಸೂಚನೆಯೇ ಇಲ್ಲ, ಹಾಗಾಗಿ ಪೂರ್ತಿ 100ರಂತೆ ಆದಾಯ. ಎರಡನೆಯದರಲ್ಲಿ ಆ ಗಿರಾಕಿ ಇನ್ನೊಂದು ಕಂಪನಿಯನ್ನು ಕೊಂಡು ಒಮ್ಮೆಲೇ 500 ಎತ್ತುತ್ತಾನೆ. ಈಗ ಸಾವಿರ ದಾಟುವುದು ನಿಚ್ಚಳ. ಆ ತ್ರೈಮಾಸಿಕದ ಆದಾಯ 500ಕ್ಕೆ 90ರಂತೆ 45,000. ಅದರಿಂದ ಹಳೆಯ 75 ನಗಗಳಿಗೆ ಹೆಚ್ಚಾಗಿ ಬರೆದಿದ್ದ ತಲಾ 10, ಅಂದರೆ 750, ಕಳೆದು 44,250. ಹಳೆಯ ತ್ರೈಮಾಸಿಕದ ಲೆಕ್ಕವನ್ನು ಮತ್ತೆ ತೆರೆಯುವುದಿಲ್ಲ. ಅಂದಾಜು ಬದಲಾದ ಅವಧಿಯಲ್ಲೇ ಹಿಂದಿನದನ್ನೂ ಸರಿಪಡಿಸಲಾಗುತ್ತದೆ.

ಟಾರ್ಗೆಟ್ ಮುಟ್ಟುವ ಸಂಭವವನ್ನು ಅಳೆಯುವಾಗ ಹಳೆಯ ವರ್ಷಗಳ ಅಂಕಿಗಳಷ್ಟೇ ಸಾಲುವುದಿಲ್ಲ, ಏಕೆಂದರೆ ಇಂಥ ಸ್ಕೀಮ್ ಡಿಸ್ಟ್ರಿಬ್ಯೂಟರ್‌ನ ನಡವಳಿಕೆಯನ್ನೇ ಬದಲಿಸುತ್ತದೆ. ಜೂನ್ 20ಕ್ಕೆ 1,170 ಪಂಪ್ ಆಗಿದೆ ಎಂದುಕೊಳ್ಳಿ. ಇನ್ನು 30 ಪಂಪ್ ಎತ್ತಲು ಬೇಕಾದ್ದು 7,50,000 ರೂಪಾಯಿ. ಎತ್ತಿದರೆ ಸಿಗುವ ರಿಬೇಟ್ 12,00,000. ಮಳೆ ಬಂದು ಗಿರಾಕಿ ನಿಂತಿದ್ದರೂ ಆ ಮೂವತ್ತನ್ನು ಎತ್ತಿ ಗೋದಾಮಿನಲ್ಲಿ ಇಡದ ಡಿಸ್ಟ್ರಿಬ್ಯೂಟರ್ ಸಿಗುವುದು ಕಷ್ಟ. ನೂರು ಕಡಿಮೆ ಬಿದ್ದರೂ ಲೆಕ್ಕ ಅದೇ ದಿಕ್ಕಿಗೆ ವಾಲುತ್ತದೆ: 25 ಲಕ್ಷದ ಮಾಲನ್ನು ಬಡ್ಡಿ ಕಟ್ಟಿಕೊಂಡು ಕೆಲವು ತಿಂಗಳು ಇಟ್ಟುಕೊಂಡರೂ ಬಡ್ಡಿ ರಿಬೇಟಿನ ಸಣ್ಣ ಪಾಲಷ್ಟೇ. ಆದ್ದರಿಂದ ಟಾರ್ಗೆಟ್‌ಗೆ ಸಮೀಪ ಬಂದವರು ಬಹುಪಾಲು ಮುಟ್ಟಿಯೇ ಮುಟ್ಟುತ್ತಾರೆ. ಮುಟ್ಟಲು ತಡೆಯಾಗುವುದು ಬೇಡಿಕೆಗಿಂತ ಹೆಚ್ಚಾಗಿ ಹಣದ ಕೊರತೆ. ಅಂದಾಜು ಮಾಡುವ ಅಕೌಂಟೆಂಟ್ ಮಾರಾಟದ ಪಟ್ಟಿಯ ಜೊತೆಗೆ ಆ ಡಿಸ್ಟ್ರಿಬ್ಯೂಟರ್‌ನ ಲೆಡ್ಜರನ್ನೂ ನೋಡಬೇಕಾದ್ದು ಇದಕ್ಕೇ. ಬಾಕಿ ಎಷ್ಟಿದೆ, ಎಷ್ಟು ದಿನದ್ದು, ಕ್ರೆಡಿಟ್ ಲಿಮಿಟ್‌ನಲ್ಲಿ ಇನ್ನೆಷ್ಟು ಉಳಿದಿದೆ, ಹಿಂದೆ ಚೆಕ್ ವಾಪಸ್ ಬಂದದ್ದುಂಟೇ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಬಾಕಿ ಮೀರಿದ ಡಿಸ್ಟ್ರಿಬ್ಯೂಟರ್‌ಗೆ ಕಂಪನಿಯೇ ಬಿಲ್ ನಿಲ್ಲಿಸುತ್ತದೆ, ಆಗ ಬೇಸಗೆಯ ಬೇಡಿಕೆ ಎಷ್ಟಿದ್ದರೂ ಟಾರ್ಗೆಟ್ ಕೈತಪ್ಪುತ್ತದೆ. ಹಲವು ಸ್ಕೀಮುಗಳಲ್ಲಿ ಬಾಕಿ ತೀರಿಸಿರಬೇಕು ಎಂಬ ಷರತ್ತೂ ಇರುತ್ತದೆ. 1,200 ಎತ್ತಿದರೂ ಹಣ ಕಟ್ಟದಿದ್ದರೆ ರಿಬೇಟ್ ಇಲ್ಲ.

ಎಷ್ಟು ಖಚಿತವಿದ್ದರೆ ಬರೆಯಬೇಕು ಎಂಬಲ್ಲಿ ಒಂದು ಮುಖ್ಯವಾದ ಮಾತು ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಇಂಡ್ ಎಎಸ್ 115ರ ಎಚ್ಚರಿಕೆ ಇರುವುದು ರಿಬೇಟಿನ ಬಗ್ಗೆ ಅಲ್ಲ, ಆದಾಯದ ಬಗ್ಗೆ. ಮುಂದೆ ದೊಡ್ಡ ಮೊತ್ತವನ್ನು ಹಿಂದಕ್ಕೆ ತೆಗೆಯಬೇಕಾದ ಪ್ರಸಂಗ ಬಾರದು ಎಂಬುದು ಬಹುಮಟ್ಟಿಗೆ ಖಚಿತವಿದ್ದಷ್ಟು ಆದಾಯವನ್ನು ಮಾತ್ರ ಬರೆದುಕೊಳ್ಳಬೇಕು ಎನ್ನುತ್ತದೆ ಅದು. ಇದನ್ನು ಪಂಪಿಗೆ ಹೊಂದಿಸಿ ನೋಡಿದರೆ, ಕಂಪನಿ ನಗಕ್ಕೆ 25,000 ಎಂದು ಬರೆದುಕೊಳ್ಳಬೇಕಾದರೆ ಈ ಡಿಸ್ಟ್ರಿಬ್ಯೂಟರ್ ಟಾರ್ಗೆಟ್ ಮುಟ್ಟುವುದಿಲ್ಲ ಎಂಬ ಗಟ್ಟಿ ನಂಬಿಕೆ ಇರಬೇಕು. ಮುಟ್ಟಬಹುದು, ಮುಟ್ಟದಿರಬಹುದು ಎಂಬ ಸಮಸಮ ಸ್ಥಿತಿಯಲ್ಲೂ ಸುರಕ್ಷಿತವಾದ ದರ 24,000 ರೂಪಾಯಿಯೇ. ಟಾರ್ಗೆಟ್ ಮುಟ್ಟುವುದು ಸಂಭವನೀಯವಾದಾಗಲೇ ಪ್ರಾವಿಷನ್ ಮಾಡುತ್ತೇವೆ ಎನ್ನುವ ಮಾರುವ ಕಂಪನಿ, ವಾಸ್ತವದಲ್ಲಿ ಮಾನದಂಡ ಕೇಳುವುದಕ್ಕಿಂತ ಕಡಿಮೆ ಎಚ್ಚರ ವಹಿಸುತ್ತಿದೆ.

ಸಂಭವವನ್ನು ನೂರರ ಲೆಕ್ಕದಲ್ಲಿ ಗುಣಿಸುವುದು ಇನ್ನೊಂದು ಮುಗ್ಗರಿಕೆ. ಟಾರ್ಗೆಟ್ ಮುಟ್ಟುವ ಸಾಧ್ಯತೆ ನೂರಕ್ಕೆ 80 ಎಂದು 9,30,000ದ 80 ಪಾಲು, ಅಂದರೆ 7,44,000 ಬರೆಯುವುದು. ಒಬ್ಬನೇ ಡಿಸ್ಟ್ರಿಬ್ಯೂಟರ್, ಒಂದೇ ಗೆರೆ ಇದ್ದಾಗ ಈ ಪಂಪುಗಳ ಮೇಲೆ ಕೊನೆಗೆ ಕೊಡುವುದು 9,30,000 ಅಥವಾ ಸೊನ್ನೆ. 7,44,000 ಎಂಬ ಮೊತ್ತವನ್ನು ಯಾರೂ ಯಾರಿಗೂ ಎಂದೂ ಕೊಡುವುದಿಲ್ಲ. ಇಲ್ಲಿ ಹೆಚ್ಚು ಸಂಭವವಿರುವ ಒಂದು ಮೊತ್ತವನ್ನು ಆರಿಸಿಕೊಳ್ಳುವುದೇ ಸರಿ. ಆದರೆ ಒಂದೇ ಬಗೆಯ ಸ್ಕೀಮಿನಲ್ಲಿ ನೂರಾರು ಡಿಸ್ಟ್ರಿಬ್ಯೂಟರುಗಳಿರುವ ಕಂಪನಿಗೆ ಸರಾಸರಿಯ ದಾರಿಯೇ ಒಳ್ಳೆಯದು. ಯಾರು ತಪ್ಪುತ್ತಾರೆ ಎಂದು ಹೆಸರು ಹಿಡಿದು ಹೇಳಲಾಗದಿದ್ದರೂ ಮಾರ್ಚ್ ಕೊನೆಗೆ ಇಷ್ಟು ಹತ್ತಿರ ಬಂದವರಲ್ಲಿ ಎಷ್ಟು ಜನ ಮುಟ್ಟುತ್ತಾರೆ ಎಂಬುದು ಹಳೆಯ ವರ್ಷಗಳ ಅನುಭವದಿಂದ ಸಾಕಷ್ಟು ಸರಿಯಾಗಿ ತಿಳಿಯುತ್ತದೆ.

ಸ್ಲ್ಯಾಬುಗಳಿದ್ದರೂ ವಿಧಾನ ಇದೇ. 1,500ಕ್ಕೆ ನಗಕ್ಕೆ 1,500 ರೂಪಾಯಿ ಎಂಬ ಎರಡನೆಯ ಮೆಟ್ಟಿಲು ಇದ್ದರೆ, ಉಳಿದ ಮೂರು ತಿಂಗಳಲ್ಲಿ 570 ಪಂಪ್ ಎತ್ತುವುದು ಹಿಂದಿನ ಯಾವ ಬೇಸಗೆಯಲ್ಲೂ ಆಗಿಲ್ಲವಾದ್ದರಿಂದ 1,000ದ ದರದಲ್ಲೇ ನಿಲ್ಲಬೇಕು. ಯಾವ ಮೆಟ್ಟಿಲಿಗೆ ತಲುಪುವ ಅಂದಾಜಿದೆಯೋ ಆ ಮೆಟ್ಟಿಲಿನ ದರವನ್ನು ಈವರೆಗೆ ಮಾರಿದ ಎಲ್ಲ ನಗಗಳಿಗೂ ಹಾಕುವುದು ಇಲ್ಲಿನ ಕ್ರಮ. ಈಗ ನಿಂತಿರುವ ಮೆಟ್ಟಿಲಿನ ದರವನ್ನಲ್ಲ.

ಲೆಕ್ಕಪತ್ರಕ್ಕೆ ಸಹಿ ಬೀಳುವುದು ಮಾರ್ಚ್ 31ರಂದಲ್ಲ, ಮೇ ತಿಂಗಳಲ್ಲೋ ಅದರಾಚೆಯೋ. ಅಷ್ಟರಲ್ಲಿ ಏಪ್ರಿಲ್‌ನ ಮಾರಾಟ ಗೊತ್ತಾಗಿರುತ್ತದೆ. ಈ ಹೊಸ ಮಾಹಿತಿಯನ್ನು ಬಳಸಬಹುದೇ? ಮಾರ್ಚ್ 31ರಂದು ಇದ್ದ ಸ್ಥಿತಿಗೆ ಅದು ಸಾಕ್ಷಿಯಾಗುವುದಾದರೆ ಬಳಸಲೇಬೇಕು. ಮಾರ್ಚ್‌ನಲ್ಲಿ ಕೊಟ್ಟ ಆರ್ಡರುಗಳು ಏಪ್ರಿಲ್‌ನಲ್ಲಿ ಬಿಲ್ ಆಗಿ 128 ಪಂಪ್ ಹೋದರೆ ಅಂದಾಜು ಗಟ್ಟಿಯಾಗುತ್ತದೆ. ಆಮೇಲೆ ಹೊಸದಾಗಿ ಆದ ಘಟನೆಯ ಮಾತು ಬೇರೆ. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ತಲುಪಿತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಅಂಥ ಮಳೆಯಿಂದ ಪಂಪಿನ ವ್ಯಾಪಾರ ಕುಸಿದರೆ, ಅದು ಮಾರ್ಚ್ 31ರಂದು ಇದ್ದ ಸ್ಥಿತಿಯಲ್ಲ. ಆ ದಿನದ ಅಂದಾಜು ಆ ದಿನ ತಿಳಿಯಬಹುದಾಗಿದ್ದ ಸಂಗತಿಗಳ ಮೇಲೆ ನಿಲ್ಲುತ್ತದೆ.

ಉದಾಹರಣೆಯ ಡಿಸ್ಟ್ರಿಬ್ಯೂಟರ್‌ಗೆ ಹೀಗೇ ಆಯಿತು ಎಂದುಕೊಳ್ಳೋಣ. ಮಳೆ ಬೇಗ ಬಂತು, ಅಂಗಡಿಗಳಲ್ಲಿ ಮಾಲು ಉಳಿಯಿತು, ಅಂಗಡಿಗಳಿಂದ ವಸೂಲಿ ನಿಂತಿತು, ಕ್ರೆಡಿಟ್ ಲಿಮಿಟ್ ತುಂಬಿದ್ದರಿಂದ ಕಂಪನಿ ಬಿಲ್ ಮಾಡಲಿಲ್ಲ. ಜೂನ್ 30ಕ್ಕೆ ಒಟ್ಟು 1,110. ಟಾರ್ಗೆಟ್ ತಪ್ಪಿತು. ಆಗ ಕಂಪನಿ ಹೊಣೆಯಾಗಿ ಬರೆದಿದ್ದ 9,30,000 ರೂಪಾಯಿಯನ್ನು ತೆಗೆದು 2025-26ರ ಮಾರಾಟದ ಆದಾಯಕ್ಕೆ ಸೇರಿಸುತ್ತದೆ. 2024-25ರ ಲೆಕ್ಕವನ್ನು ತಿದ್ದುವುದಿಲ್ಲ, ಏಕೆಂದರೆ ಅದರಲ್ಲಿ ತಪ್ಪಿರಲಿಲ್ಲ. ಅಂದಾಜು ಬದಲಾಗುವುದು ಬೇರೆ, ತಪ್ಪಾಗುವುದು ಬೇರೆ. ಆ ಮಾರ್ಚ್‌ನಲ್ಲೇ ಡಿಸ್ಟ್ರಿಬ್ಯೂಟರ್‌ನ ಲಿಮಿಟ್ ತುಂಬಿತ್ತು, ಅದನ್ನು ಯಾರೂ ನೋಡಿರಲಿಲ್ಲ ಎಂದಾಗಿದ್ದರೆ ಆಗ ತಪ್ಪಿನ ಮಾತು ಬರುತ್ತಿತ್ತು.

ಇಷ್ಟೂ ಕೊಡುವವರ ಕಡೆಯ ಲೆಕ್ಕ. ಪಡೆಯುವ ಡಿಸ್ಟ್ರಿಬ್ಯೂಟರ್‌ನ ಪುಸ್ತಕದಲ್ಲಿ ಅದೇ ರಿಬೇಟ್ ಖರೀದಿಯ ಬೆಲೆಯನ್ನು ಇಳಿಸುತ್ತದೆ. ಇಂಡ್ ಎಎಸ್ 2 ಕೂಡ ಹಳೆಯ ಎಎಸ್ 2 ಕೂಡ ದಾಸ್ತಾನಿನ ಖರೀದಿ ವೆಚ್ಚದಿಂದ ರಿಬೇಟನ್ನು ಕಳೆಯಬೇಕು ಎನ್ನುತ್ತವೆ. ಈ ಮಾತಿನ ಪರಿಣಾಮ ಮಾರ್ಚ್ 31ರ ಗೋದಾಮಿನಲ್ಲಿ ಕಾಣುತ್ತದೆ. ಎತ್ತಿದ 930ರಲ್ಲಿ 810 ಪಂಪ್ ಮಾರಿಹೋಗಿ 120 ಉಳಿದಿದ್ದರೆ, 9,30,000ದಲ್ಲಿ 8,10,000 ಮಾತ್ರ ಆ ವರ್ಷದ ಲಾಭಕ್ಕೆ ಬರಬೇಕು. ಉಳಿದ 1,20,000 ದಾಸ್ತಾನಿನ ಬೆಲೆಯನ್ನು ಇಳಿಸಬೇಕು. 120 ಪಂಪುಗಳ ಬೆಲೆ 30,00,000 ಬದಲು 28,80,000. ಇಡೀ ರಿಬೇಟನ್ನು ಇತರೆ ಆದಾಯ ಎಂದು ತೋರಿಸಿ ದಾಸ್ತಾನನ್ನು ಹಳೆಯ ದರದಲ್ಲೇ ಬಿಟ್ಟರೆ, ಮಾರದ ಪಂಪಿನ ಮೇಲೂ ಲಾಭ ಬಂದಂತಾಗುತ್ತದೆ. ಸಣ್ಣ ಸಂಸ್ಥೆಗಳ ಪುಸ್ತಕಗಳಲ್ಲಿ ಈ ತಪ್ಪು ಬಹಳ.

ಪಡೆಯುವವರು ಎಷ್ಟು ಖಚಿತವಿದ್ದಾಗ ಬರೆಯಬಹುದು? ಮಧ್ಯಂತರ ಲೆಕ್ಕಪತ್ರಗಳ ಇಂಡ್ ಎಎಸ್ 34ರ ಅನುಬಂಧದಲ್ಲಿ ಒಂದು ಉಪಯುಕ್ತ ಮಾತಿದೆ. ವಾಲ್ಯೂಮ್ ರಿಬೇಟ್ ಗಳಿಸಿಯಾಗಿದೆ ಅಥವಾ ಮುಂದೆ ಜಾರಿಯಾಗುತ್ತದೆ ಎಂಬುದು ಸಂಭವನೀಯವಾಗಿದ್ದರೆ ಕೊಡುವವರೂ ಪಡೆಯುವವರೂ ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಆದರೆ ಒಪ್ಪಂದದಲ್ಲಿರುವ ರಿಬೇಟನ್ನು ಮಾತ್ರ. ಕೊಡುವವರ ಇಚ್ಛೆಗೆ ಬಿಟ್ಟದ್ದನ್ನು ಅಲ್ಲ. ವರ್ಷಾಂತ್ಯದ ಲೆಕ್ಕಕ್ಕೂ ಈ ಭೇದವನ್ನೇ ಹಿಡಿದುಕೊಳ್ಳುವುದು ನ್ಯಾಯ. ಸಹಿಯಾದ ಸ್ಕೀಮಿನ ಪತ್ರವಿದ್ದರೆ ಡಿಸ್ಟ್ರಿಬ್ಯೂಟರ್ ಬರೆದುಕೊಳ್ಳಬಹುದು. ಟಾರ್ಗೆಟ್ ಸ್ವಲ್ಪ ಕಡಿಮೆಯಾದರೂ ಚಿಂತೆ ಇಲ್ಲ, ಕಂಪನಿಯವರಿಗೆ ಹೇಳಿ ಕೊಡಿಸುತ್ತೇನೆ ಎಂಬ ಏರಿಯಾ ಮ್ಯಾನೇಜರ್‌ನ ಫೋನ್ ಮಾತು ಆಸ್ತಿಯಾಗುವುದಿಲ್ಲ. ಹೀಗಾಗಿ ಒಂದೇ ಸ್ಕೀಮ್ ಎರಡು ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಕಾಣುವುದು ಅಸಹಜವಲ್ಲ. ಸಮಸಮ ಅನುಮಾನವಿದ್ದಾಗ ಕಂಪನಿ ರಿಬೇಟನ್ನು ಕಳೆದು ಬರೆದಿರುತ್ತದೆ, ಡಿಸ್ಟ್ರಿಬ್ಯೂಟರ್ ಇನ್ನೂ ಬರೆದುಕೊಂಡಿರುವುದಿಲ್ಲ. ಎರಡೂ ಸರಿಯೇ, ಅನುಮಾನದ ಹೊರೆಯನ್ನು ಇಬ್ಬರೂ ತಮ್ಮ ತಮ್ಮ ಲಾಭದ ಮೇಲೆ ಹೊತ್ತುಕೊಂಡಿದ್ದಾರೆ.

ಪಡೆಯುವವರು ಆತುರಪಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆ ಟೆಸ್ಕೋದ ಪ್ರಕರಣ ದಾಖಲೆಯಲ್ಲಿದೆ. ಸರಬರಾಜುದಾರರಿಂದ ಬರುವ ರಿಬೇಟ್ ಮತ್ತು ಇತರ ಪಾವತಿಗಳನ್ನು ಅಲ್ಲಿ ಕಮರ್ಷಿಯಲ್ ಇನ್‌ಕಮ್ ಎನ್ನುತ್ತಾರೆ. ಅದನ್ನು ಅವಧಿಗೆ ಮೊದಲೇ ಬರೆದುಕೊಂಡು, ಖರ್ಚುಗಳನ್ನು ತಡವಾಗಿ ಬರೆದದ್ದರಿಂದ ಅರ್ಧವರ್ಷದ ಲಾಭದ ಅಂದಾಜು ಸುಮಾರು 25 ಕೋಟಿ ಪೌಂಡಿನಷ್ಟು ಹೆಚ್ಚಾಗಿ ಕಂಡಿದೆ ಎಂದು ಕಂಪನಿ 2014ರ ಸೆಪ್ಟೆಂಬರ್ 22ರಂದು ಪ್ರಕಟಿಸಿತು. ಮುಂದಿನ ತಿಂಗಳು ಆ ಮೊತ್ತ 26.3 ಕೋಟಿ ಪೌಂಡ್ ಎಂದು ಖಚಿತವಾಯಿತು, ಅದರಲ್ಲಿ ಆ ಅರ್ಧವರ್ಷಕ್ಕೆ ಸೇರಿದ್ದು 11.8 ಕೋಟಿ ಮಾತ್ರ. ಉಳಿದದ್ದು ಹಿಂದಿನ ವರ್ಷಗಳದ್ದು. ಗಮನಿಸಬೇಕಾದ್ದು ಈ ಹಂಚಿಕೆಯನ್ನೇ. ಮುಂದಿನ ಅವಧಿಯ ರಿಬೇಟನ್ನು ಒಮ್ಮೆ ಈ ಅವಧಿಗೆ ಎಳೆದುಕೊಂಡರೆ, ಮುಂದಿನ ಅವಧಿ ಖಾಲಿಯಾಗಿ ನಿಲ್ಲುತ್ತದೆ, ಅದನ್ನು ತುಂಬಲು ಅದರಾಚೆಯದನ್ನು ಇನ್ನೂ ಹೆಚ್ಚಾಗಿ ಎಳೆಯಬೇಕಾಗುತ್ತದೆ. 2017ರಲ್ಲಿ ಕಂಪನಿಯ ಅಂಗಸಂಸ್ಥೆ ಬ್ರಿಟನ್ನಿನ ತನಿಖಾ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು ಸುಮಾರು 12.9 ಕೋಟಿ ಪೌಂಡ್ ದಂಡ ಕಟ್ಟಿತು.

ಭಾರತದಲ್ಲಿ ಇದಕ್ಕೆ ಜಿಎಸ್‌ಟಿಯ ಎಳೆಯೂ ಸೇರಿಕೊಳ್ಳುತ್ತದೆ. ಮಾರ್ಚ್ 31ರ ಪ್ರಾವಿಷನ್‌ನಿಂದ ತೆರಿಗೆಯಲ್ಲಿ ಏನೂ ಬದಲಾಗುವುದಿಲ್ಲ. ಬದಲಾಗುವುದು ಕ್ರೆಡಿಟ್ ನೋಟ್ ಹೊರಟಾಗ. ಕಂಪನಿ ತೆರಿಗೆಯನ್ನೂ ಸೇರಿಸಿ ಕ್ರೆಡಿಟ್ ನೋಟ್ ಕೊಟ್ಟು ತನ್ನ ತೆರಿಗೆಯ ಹೊಣೆ ಇಳಿಸಿಕೊಳ್ಳಬೇಕಾದರೆ, ಡಿಸ್ಟ್ರಿಬ್ಯೂಟರ್ ಅಷ್ಟು ಮೊತ್ತದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟನ್ನು ವಾಪಸ್ ಮಾಡಬೇಕು. ಅದಕ್ಕೆ ಗಡುವೂ ಇದೆ: ಸರಕು ಪೂರೈಸಿದ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದು. ಜುಲೈಯಿಂದ ಮಾರ್ಚ್‌ವರೆಗಿನ 930 ಪಂಪುಗಳಿಗೆ ಆ ಗಡುವು 2025ರ ನವೆಂಬರ್ 30. ಜೂನ್ ಕೊನೆಗೆ ಸ್ಕೀಮ್ ಮುಗಿದು, ವಾಪಸ್ ಬಂದ ಮಾಲಿನ ತಕರಾರು ಬಗೆಹರಿದು, ಲೆಕ್ಕ ತಾಳೆಯಾಗುವ ಹೊತ್ತಿಗೆ ದಿನಗಳು ಬೇಗ ಸರಿಯುತ್ತವೆ. ಗಡುವು ಮೀರಿದರೆ ಅಥವಾ ಆ ಗೋಜೇ ಬೇಡವೆಂದರೆ, ತೆರಿಗೆಯನ್ನು ಮುಟ್ಟದೆ ರಿಬೇಟಿಗಷ್ಟೇ ಕ್ರೆಡಿಟ್ ನೋಟ್ ಕೊಡುವ ರೂಢಿ ಇದೆ. ಪ್ರಾವಿಷನ್ ಮಾಡುವಾಗ ತೆರಿಗೆ ಬಿಟ್ಟ ದರದ ಮೇಲೆ ಲೆಕ್ಕ ಹಾಕಬೇಕಾದ್ದೂ ಇದೇ ಕಾರಣಕ್ಕೆ ನೆನಪಿನಲ್ಲಿರಬೇಕು.

ಪ್ರಾವಿಷನ್ ಕಡಿಮೆ ಬೀಳುವುದಕ್ಕೆ ಬಹುಪಾಲು ಕಾರಣ ಗಣಿತವಲ್ಲ, ಕಾಗದ. ಅಕೌಂಟ್ಸ್ ವಿಭಾಗಕ್ಕೆ ಮುಖ್ಯ ಸ್ಕೀಮಿನ ಸುತ್ತೋಲೆ ಬಂದಿರುತ್ತದೆ, ಆದರೆ ಫೆಬ್ರವರಿಯಲ್ಲಿ ಮಾರಾಟ ವಿಭಾಗದವರು ಒಬ್ಬ ಡಿಸ್ಟ್ರಿಬ್ಯೂಟರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಟಾರ್ಗೆಟನ್ನು 1,200ರಿಂದ 1,100ಕ್ಕೆ ಇಳಿಸಿ ಒಪ್ಪಿಕೊಂಡದ್ದು ತಿಳಿದಿರುವುದಿಲ್ಲ. ಆಡಿಟರ್ ಡಿಸ್ಟ್ರಿಬ್ಯೂಟರುಗಳಿಗೆ ನೇರವಾಗಿ ಪತ್ರ ಬರೆದು ಬಾಕಿಯ ಜೊತೆಗೆ ಸ್ಕೀಮಿನ ಷರತ್ತು ಮತ್ತು ಈವರೆಗೆ ಎತ್ತಿದ ನಗಗಳನ್ನೂ ಕೇಳಿದರೆ ಇಂಥ ಮಾತುಗಳು ಹೊರಬೀಳುತ್ತವೆ. ಬಾಕಿಯನ್ನಷ್ಟೇ ಕೇಳಿದರೆ ಬೀಳುವುದಿಲ್ಲ. ಮಾಲು ವಾಪಸ್ಸಾತಿಯನ್ನೂ ಹೀಗೆಯೇ ನೋಡಬೇಕು: ಮಾರ್ಚ್ ಕೊನೆಯ ವಾರ ಎತ್ತಿದ 60 ಪಂಪುಗಳಲ್ಲಿ 40 ಏಪ್ರಿಲ್‌ನಲ್ಲಿ ಹಿಂದಿರುಗಿದರೆ ರಿಬೇಟ್ ಮಾತ್ರವಲ್ಲ, ಮಾರಾಟವೂ ಅಷ್ಟರಮಟ್ಟಿಗೆ ಇರಲಿಲ್ಲ ಎಂದಾಗುತ್ತದೆ.

ಅಂದಾಜಿನ ಗುಣಮಟ್ಟವನ್ನು ಅಳೆಯಲು ಒಂದು ನೇರವಾದ ಪರೀಕ್ಷೆಯಿದೆ. ಹಿಂದಿನ ಮಾರ್ಚ್ 31ರಂದು ಪ್ರತಿ ಡಿಸ್ಟ್ರಿಬ್ಯೂಟರ್‌ಗೆ ಬರೆದ ಮೊತ್ತವನ್ನು ಒಂದು ಸಾಲಿನಲ್ಲಿಟ್ಟು, ಆ ದಿನದವರೆಗಿನ ಮಾಲಿಗೆ ಆಮೇಲೆ ಹೊರಟ ಕ್ರೆಡಿಟ್ ನೋಟುಗಳನ್ನು ಪಕ್ಕದ ಸಾಲಿನಲ್ಲಿಟ್ಟು ಹೋಲಿಸುವುದು. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ ಎಂದು ವ್ಯತ್ಯಾಸ ಎರಡೂ ಕಡೆ ಚದುರಿದ್ದರೆ ಅಂದಾಜು ಪ್ರಾಮಾಣಿಕವಾಗಿದೆ ಎಂದುಕೊಳ್ಳಬಹುದು. ವರ್ಷದಿಂದ ವರ್ಷಕ್ಕೆ ವ್ಯತ್ಯಾಸ ಒಂದೇ ಕಡೆ ವಾಲಿದರೆ, ಪ್ರಾವಿಷನ್ ಪ್ರತಿ ಬಾರಿಯೂ ಕೊಟ್ಟದ್ದಕ್ಕಿಂತ ಕಡಿಮೆಯೇ ಇದ್ದರೆ, ಆ ಕಂಪನಿ ಪ್ರತಿ ಮಾರ್ಚ್‌ನಲ್ಲೂ ಮುಂದಿನ ವರ್ಷದ ಲಾಭದಿಂದ ಒಂದಿಷ್ಟನ್ನು ಎತ್ತಿಕೊಳ್ಳುತ್ತಿದೆ. ಪ್ರತಿ ಬಾರಿಯೂ ಹೆಚ್ಚೇ ಇದ್ದು, ಉಳಿದದ್ದು ಮುಂದಿನ ವರ್ಷದ ಆದಾಯಕ್ಕೆ ಸೇರುತ್ತಿದ್ದರೆ, ಒಳ್ಳೆಯ ವರ್ಷದ ಲಾಭವನ್ನು ಕೆಟ್ಟ ವರ್ಷಕ್ಕಾಗಿ ಅಡಗಿಸಿಡುವ ಅಭ್ಯಾಸ ಬೆಳೆದಿದೆ ಎಂದರ್ಥ. ಮಾರ್ಚ್‌ನ ಪ್ರಾವಿಷನ್ ಪಟ್ಟಿಯನ್ನು ಒಟ್ಟು ಮೊತ್ತದಲ್ಲಿ ಮಾತ್ರವಲ್ಲದೆ ಡಿಸ್ಟ್ರಿಬ್ಯೂಟರ್‌ವಾರು ಇಟ್ಟಿದ್ದರೆ ಮಾತ್ರ ಈ ಹೋಲಿಕೆ ಸಾಧ್ಯ.